ಎಷ್ಟು ಕೂಡು, ಎಷ್ಟು ಕಳೆ: ಸಿಲ್ವೆಸ್ಟರನ ಜಡತ್ವ ನಿಯಮ

ವರ್ಗವನ್ನು ಪೂರ್ಣಗೊಳಿಸುವ ಲೆಕ್ಕವನ್ನು ಹತ್ತನೆಯ ತರಗತಿಯಲ್ಲಿ ಎಲ್ಲರೂ ಮಾಡಿರುತ್ತಾರೆ. x² + 6x ಕಂಡರೆ ಅದಕ್ಕೆ 9 ಕೂಡಿಸಿ, ಆ 9ನ್ನೇ ಕಳೆದು, (x + 3)² − 9 ಎಂದು ಬರೆಯುವುದು. ಪರೀಕ್ಷೆ ಮುಗಿದ ಮೇಲೆ ಹೆಚ್ಚಿನವರಿಗೆ ಅದರ ನೆನಪೂ ಇರುವುದಿಲ್ಲ. ಆದರೆ ಎರಡು ಮೂರು ಅಕ್ಷರಗಳಿರುವ ಬೀಜೋಕ್ತಿಯ ಮೇಲೆ ಇದೇ ಲೆಕ್ಕ ಮಾಡುತ್ತ ಹೋದರೆ ಒಂದು ವಿಚಿತ್ರ ಎದುರಾಗುತ್ತದೆ.

x² + 4xy + y² ಎಂಬುದನ್ನೇ ತೆಗೆದುಕೊಳ್ಳಿ. ಇದರ ಪ್ರತಿಯೊಂದು ಪದದಲ್ಲೂ ಎರಡು ಅಕ್ಷರಗಳ ಗುಣಲಬ್ಧವಿದೆ. ಒಂಟಿ x ಇಲ್ಲ, ಒಂಟಿ ಸಂಖ್ಯೆಯೂ ಇಲ್ಲ. ಇಂಥದ್ದಕ್ಕೆ ದ್ವಿಘಾತ ರೂಪ ಎನ್ನುತ್ತಾರೆ. ನಡುವೆ ಕೂತಿರುವ 4xy ಎಂಬ ಮಿಶ್ರ ಪದವನ್ನು ಹೇಗಾದರೂ ತೊಲಗಿಸಿ, ಇಡೀ ರೂಪವನ್ನು ಬರೀ ವರ್ಗಗಳ ಕೂಡು-ಕಳೆಯಾಗಿ ಬರೆಯಬೇಕು ಎಂದು ಮೂರು ಜನ ವಿದ್ಯಾರ್ಥಿಗಳಿಗೆ ಕೊಟ್ಟೆವೆನ್ನಿ.

ಮೊದಲನೆಯವಳು x ಹಿಡಿದು ಹೊರಡುತ್ತಾಳೆ. x² + 4xy ಎಂಬುದು (x + 2y)²ಗೆ 4y² ಕಡಿಮೆ. ಆದ್ದರಿಂದ ಅವಳ ಉತ್ತರ (x + 2y)² − 3y². ಎರಡನೆಯವನು y ಹಿಡಿದು ಹೊರಟು (2x + y)² − 3x² ಎಂದು ಬರೆಯುತ್ತಾನೆ. ಮೂರನೆಯವಳು x + y, x − y ಎಂಬ ಜೋಡಿಯನ್ನು ಗಮನಿಸಿ, ಒಂದೂವರೆ ಪಟ್ಟು (x + y)²ನಿಂದ ಅರ್ಧ ಪಟ್ಟು (x − y)² ಕಳೆದರೆ ಸಾಕೆಂದು ಕಂಡುಕೊಳ್ಳುತ್ತಾಳೆ. ಬಿಡಿಸಿ ನೋಡಿ, ಮೂರೂ ಸರಿ.

ಮೂರು ಉತ್ತರಗಳಲ್ಲಿ ಸಹಗುಣಕಗಳು ಬೇರೆ, ವರ್ಗದೊಳಗಿರುವ ಪದಗಳೂ ಬೇರೆ. ಒಂದು ಸಂಗತಿ ಮಾತ್ರ ಎಲ್ಲರಲ್ಲೂ ಒಂದೇ: ಕೂಡುವ ವರ್ಗ ಒಂದು, ಕಳೆಯುವ ವರ್ಗ ಒಂದು. ನಾಲ್ಕನೆಯವರು, ಐದನೆಯವರು ಬಂದು ಇನ್ನೇನೇ ದಾರಿ ಹಿಡಿದರೂ ಒಂದು ಕೂಡು, ಒಂದು ಕಳೆ ಎಂಬ ಈ ಲೆಕ್ಕ ಬದಲಾಗದು. ಈ ಜೋಡಿ ಸಂಖ್ಯೆಗೆ ಆ ರೂಪದ ಸಿಗ್ನೇಚರ್ ಎಂದು ಹೆಸರು. ನಮ್ಮ ರೂಪದ್ದು (1, 1). ಕೆಲವು ಪುಸ್ತಕಗಳು ಕೂಡು-ಕಳೆಗಳ ವ್ಯತ್ಯಾಸವನ್ನಷ್ಟೇ ಸಿಗ್ನೇಚರ್ ಎನ್ನುತ್ತವೆ, ಹಾಗಾದರೆ ಇದರದು ಸೊನ್ನೆ. ಪುಸ್ತಕ ಬದಲಾದರೆ ಇದನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಈ ಲೆಕ್ಕದಲ್ಲಿ ರೂಪದ ಆಕಾರವೇ ಅಡಗಿದೆ. x, y ಎರಡನ್ನೂ ನೆಲದ ಮೇಲಿನ ದೂರಗಳೆಂದೂ, ರೂಪದ ಬೆಲೆಯನ್ನು ಅಲ್ಲಿನ ಎತ್ತರವೆಂದೂ ಭಾವಿಸಿ. ಎರಡೂ ವರ್ಗ ಕೂಡುವುದಾದರೆ ನಡುವಿನ ಬಿಂದುವಿನಿಂದ ಯಾವ ದಿಕ್ಕಿಗೆ ಹೊರಟರೂ ಏರು, ಅದು ಬಟ್ಟಲು. ಎರಡೂ ಕಳೆಯುವುದಾದರೆ ಗುಡ್ಡದ ತುದಿ. ಒಂದು ಕೂಡು, ಒಂದು ಕಳೆ ಎಂದರೆ ಎರಡು ಬೆಟ್ಟಗಳ ನಡುವಿನ ಘಾಟಿಯ ನೆತ್ತಿ: ಎಡಬಲಕ್ಕೆ ಹೋದರೆ ಏರು, ಹಿಂದೆ ಮುಂದೆ ಹೋದರೆ ಇಳಿಜಾರು. x² + 4xy + y²ದಲ್ಲಿ ಎಲ್ಲ ಸಹಗುಣಕಗಳೂ ಧನವಾಗಿರುವುದರಿಂದ ಇದೊಂದು ಬಟ್ಟಲೇ ಇರಬೇಕು ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ x = 1, y = −1 ಹಾಕಿದರೆ ಬರುವುದು 1 − 4 + 1, ಅಂದರೆ −2. ಸಹಗುಣಕಗಳ ಚಿಹ್ನೆ ನೋಡಿ ಆಕಾರ ಹೇಳಲು ಹೋದರೆ ಹೀಗೆ ಮೋಸ ಹೋಗುತ್ತೇವೆ.

ಇನ್ನು ಮಾತೃಕೆಗೆ ಬರೋಣ. ದ್ವಿಘಾತ ರೂಪವನ್ನು ಒಂದು ಚೌಕಾಕಾರದ ಪಟ್ಟಿಯಲ್ಲಿ ತುಂಬಿಡಬಹುದು. x²ನ ಸಹಗುಣಕ ಮೊದಲ ಮನೆಯಲ್ಲಿ, y²ನದು ಕೊನೆಯ ಮನೆಯಲ್ಲಿ, xyಯದನ್ನು ಅರ್ಧರ್ಧ ಮಾಡಿ ಉಳಿದ ಎರಡು ಮನೆಗಳಲ್ಲಿ. ನಮ್ಮ ರೂಪಕ್ಕೆ ಸಿಗುವುದು ಇದು:

```
A = | 1  2 |
    | 2  1 |
```

ಕರ್ಣದ ಆಚೆ ಈಚೆ ಒಂದೇ ಸಂಖ್ಯೆ ಇರುವುದರಿಂದ ಇದು ಸಮಮಿತ ಮಾತೃಕೆ. ಈಗ ಅಳತೆಯನ್ನು ಬದಲಾಯಿಸೋಣ. xನ್ನು ಅಳೆಯುತ್ತಿದ್ದ ಮಾನದ ಬದಲು ಅದರ ಹತ್ತರಷ್ಟು ದೊಡ್ಡ ಮಾನ ಹಿಡಿದರೆ x = 10u ಆಗುತ್ತದೆ; y ಹಾಗೇ ಇರಲಿ. ರೂಪ 100u² + 40uy + y² ಎಂದಾಗುತ್ತದೆ. ಮಾತೃಕೆಯ ಮನೆಗಳಲ್ಲಿ ಈಗ 100, 20, 20, 1. ಘಾಟಿ ಇದ್ದಲ್ಲೇ ಇದೆ, ಬದಲಾದದ್ದು ಅದನ್ನು ಅಳೆದ ಕೋಲು ಮಾತ್ರ. ಹೀಗೆ ಹಳೆಯ ಅಕ್ಷರಗಳನ್ನು ಹೊಸ ಅಕ್ಷರಗಳ ಮೂಲಕ ಬರೆಯುವ ನಿಯಮವನ್ನು P ಎಂಬ ಮಾತೃಕೆ ಹೇಳುತ್ತದೆ ಎಂದಾದರೆ, ರೂಪದ ಹೊಸ ಮಾತೃಕೆ B = PᵀAP. ಇಲ್ಲಿ Pᵀ ಎಂದರೆ Pಯ ಸಾಲುಗಳನ್ನು ಕಂಬಗಳಾಗಿ ತಿರುಗಿಸಿ ಬರೆದದ್ದು. P ಹಿಂದಿರುಗಿಸಬಹುದಾದದ್ದಾಗಿರಬೇಕು, ಅಂದರೆ ಹೊಸ ಅಕ್ಷರಗಳಿಂದ ಹಳೆಯವಕ್ಕೆ ವಾಪಸು ಬರುವ ದಾರಿ ಇರಬೇಕು. ಹೀಗೆ ಸಂಬಂಧಪಟ್ಟ A ಮತ್ತು Bಗಳನ್ನು ಕಾಂಗ್ರುಯೆಂಟ್ ಮಾತೃಕೆಗಳು ಎನ್ನುತ್ತಾರೆ. ಒಂದೇ ರೂಪವನ್ನು ಇಬ್ಬರು ಎರಡು ಅಳತೆಯಲ್ಲಿ ಬರೆದುಕೊಂಡ ಎರಡು ಪಟ್ಟಿಗಳು ಅವು.

ಕಾಲೇಜಿನಲ್ಲಿ ಮಾತೃಕೆ ಓದಿದವರು ಇಲ್ಲಿ ತುಸು ನಿಲ್ಲಬೇಕು. ಅಲ್ಲಿ ಹೆಚ್ಚು ಕೇಳುವುದು P⁻¹AP ಎಂಬ ಇನ್ನೊಂದು ಬದಲಾವಣೆಯ ಬಗ್ಗೆ. ಅದರಲ್ಲಿ ಐಗನ್ ಮೌಲ್ಯಗಳು ಒಂದಿಷ್ಟೂ ಅಲುಗಾಡುವುದಿಲ್ಲ. PᵀAP ಹಾಗಲ್ಲ. Aಯ ಐಗನ್ ಮೌಲ್ಯಗಳು 3 ಮತ್ತು −1. ಅಳತೆ ಬದಲಿಸಿದ ಮೇಲೆ ಬಂದ ಮಾತೃಕೆಯ ಐಗನ್ ಮೌಲ್ಯಗಳು ಸುಮಾರು 103.89 ಮತ್ತು −2.89. ಸಂಖ್ಯೆಗಳು ಗುರುತೇ ಸಿಗದಷ್ಟು ಬದಲಾಗಿವೆ. ಆದರೆ ಒಂದು ಧನ, ಒಂದು ಋಣ ಎಂಬುದು ಮಾತ್ರ ಹಾಗೆಯೇ ಉಳಿದಿದೆ.

ಇದು ಯಾವಾಗಲೂ ಹೀಗೇ ಎಂದು 1852ರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಫಿಲಾಸಫಿಕಲ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಬರೆದ. ಆಗ ಅವನು ಪ್ರಾಧ್ಯಾಪಕನೂ ಆಗಿರಲಿಲ್ಲ. 1837ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದಿದ್ದರೂ ಯೆಹೂದಿ ಎಂಬ ಕಾರಣಕ್ಕೆ ಆಂಗ್ಲಿಕನ್ ಚರ್ಚಿನ ನಿಬಂಧನೆಗಳಿಗೆ ಸಹಿ ಹಾಕಲು ಒಪ್ಪದೆ ಪದವಿ ಕಳೆದುಕೊಂಡವನು. ಲಂಡನ್ನಿನ ವಿಮಾ ಕಂಪನಿಯಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುತ್ತ, ಕಾನೂನು ಓದಿ, 1850ರಲ್ಲಿ ವಕೀಲನೂ ಆದ. ಅದೇ ವರ್ಷ ಮ್ಯಾಟ್ರಿಕ್ಸ್ ಎಂಬ ಹೆಸರನ್ನು ಗಣಿತಕ್ಕೆ ತಂದವನೂ ಅವನೇ. ಹೆಸರಿಡುವುದರಲ್ಲಿ ಅವನಿಗೆ ಬಲು ಉಮೇದು. ಚಿಹ್ನೆಗಳ ಲೆಕ್ಕ ಬದಲಾಗದಿರುವ ಈ ಗುಣಕ್ಕೆ ಭೌತಶಾಸ್ತ್ರದಿಂದ ಹೆಸರು ಎರವಲು ತಂದು ಜಡತ್ವ ನಿಯಮ ಎಂದು ಕರೆದ. ಜರ್ಮನಿಯ ಯಾಕೋಬಿಗೆ ಇದು ಇನ್ನೂ ಮೊದಲೇ ಗೊತ್ತಿತ್ತು. ಆದರೆ ಯಾಕೋಬಿ 1851ರಲ್ಲಿ ತೀರಿಕೊಂಡ, ಅವನ ಬರಹ ಅಚ್ಚಾದದ್ದು 1857ರಲ್ಲಿ. ಹೆಸರು ಸಿಲ್ವೆಸ್ಟರನಿಗೆ ಉಳಿಯಿತು.

ನಿಯಮ ಯಾಕೆ ನಿಜ? ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸೊಗಸಾದ ಭಾಗ ಇದು. ಇದಕ್ಕೆ ಐಗನ್ ಮೌಲ್ಯವೂ ಬೇಡ, ನಿರ್ಧಾರಕವೂ ಬೇಡ. ಸಮೀಕರಣಗಳು ಎಷ್ಟು, ಅಜ್ಞಾತಗಳು ಎಷ್ಟು ಎಂದು ಎಣಿಸಿದರೆ ಸಾಕು.

x, y, z ಎಂಬ ಮೂರು ಅಕ್ಷರಗಳ ಒಂದು ರೂಪವಿದೆ, ಅದನ್ನು Q ಎನ್ನೋಣ. ಒಬ್ಬ ಅದನ್ನು ಎರಡು ಕೂಡು, ಒಂದು ಕಳೆಯಾಗಿ ಬರೆದ: Q = A² + B² − C². ಇಲ್ಲಿ A, B, C ಒಂದೊಂದೂ 2x + y − z ಎಂಬಂಥ ಸರಳ ಪದ, ಎದುರಿಗಿದ್ದ ಸಹಗುಣಕವನ್ನೂ ಒಳಗೇ ಸೇರಿಸಿಕೊಂಡಿದ್ದೇವೆ. ಇನ್ನೊಬ್ಬ ಅದೇ ರೂಪವನ್ನು ಒಂದು ಕೂಡು, ಎರಡು ಕಳೆಯಾಗಿ ಬರೆದೆನೆಂದು ಹೇಳುತ್ತಾನೆ: Q = L² − M² − N². ಇಬ್ಬರದೂ ಸರಿಯಾಗಿರಲು ಸಾಧ್ಯವೇ?

ಮೊದಲನೆಯವನ ಕಳೆಯುವ ಪದವನ್ನೂ ಎರಡನೆಯವನ ಕೂಡುವ ಪದವನ್ನೂ ಒಟ್ಟಿಗೆ ಸೊನ್ನೆ ಮಾಡೋಣ. ಅಂದರೆ C = 0, L = 0. ಇವು ಎರಡು ಸಮೀಕರಣ, ಅಜ್ಞಾತಗಳು ಮೂರು. ಸಮೀಕರಣಗಳು ಅಜ್ಞಾತಗಳಿಗಿಂತ ಕಡಿಮೆ ಇದ್ದು ಬಲಬದಿಯೆಲ್ಲ ಸೊನ್ನೆಯಾಗಿದ್ದರೆ, ಎಲ್ಲ ಅಕ್ಷರಗಳೂ ಸೊನ್ನೆ ಎಂಬ ಸಪ್ಪೆ ಉತ್ತರದ ಜೊತೆಗೆ ಬೇರೆ ಉತ್ತರವೂ ಇದ್ದೇ ಇರುತ್ತದೆ. ಜಾಗದ ಭಾಷೆಯಲ್ಲಿ ಹೇಳುವುದಾದರೆ, ನಡುಬಿಂದುವಿನ ಮೂಲಕ ಹಾಯುವ ಎರಡು ಸಮತಲಗಳು ಕನಿಷ್ಠ ಒಂದು ಇಡೀ ಗೆರೆಯಲ್ಲಿ ಕೂಡುತ್ತವೆ. ಆ ಗೆರೆಯ ಮೇಲೆ ನಡುಬಿಂದುವಲ್ಲದ ಒಂದು ಬಿಂದುವನ್ನು ಆರಿಸಿಕೊಳ್ಳಿ.

ಆ ಬಿಂದುವಿನಲ್ಲಿ Q ಎಷ್ಟು? ಮೊದಲನೆಯವನನ್ನು ಕೇಳಿದರೆ, C ಸೊನ್ನೆಯಾದ್ದರಿಂದ Q = A² + B², ಅದು ಸೊನ್ನೆಗಿಂತ ಕಡಿಮೆ ಇರಲಾರದು. ಎರಡನೆಯವನನ್ನು ಕೇಳಿದರೆ, L ಸೊನ್ನೆಯಾದ್ದರಿಂದ Q = −M² − N², ಅದು ಸೊನ್ನೆಗಿಂತ ಹೆಚ್ಚಿರಲಾರದು. ಎರಡೂ ನಿಜವಾಗಬೇಕಾದರೆ Q ಸೊನ್ನೆಯೇ ಆಗಬೇಕು. ಎರಡು ವರ್ಗಗಳ ಮೊತ್ತ ಸೊನ್ನೆಯಾದರೆ ಎರಡೂ ಸೊನ್ನೆ, ಹಾಗಾಗಿ A = 0, B = 0. C ಮೊದಲೇ ಸೊನ್ನೆ. A, B, C ಮೂರೂ ಸೊನ್ನೆಯಾದರೆ x, y, z ಮೂರೂ ಸೊನ್ನೆ. ಆದರೆ ನಾವು ಬೇಕೆಂದೇ ಸೊನ್ನೆಯಲ್ಲದ ಬಿಂದು ಆರಿಸಿಕೊಂಡಿದ್ದೆವು. ಅಲ್ಲಿಗೆ ಎರಡನೆಯವನ ಮಾತು ಬಿದ್ದುಹೋಯಿತು.

ಅಕ್ಷರಗಳು ಮೂರಿರಲಿ, ಮೂರು ಸಾವಿರವಿರಲಿ, ವಾದ ಇದೇ. ಒಬ್ಬನ ಬಳಿ ಕೂಡುವ ವರ್ಗಗಳು ಇನ್ನೊಬ್ಬನಿಗಿಂತ ಹೆಚ್ಚಿದ್ದರೆ, ಹೆಚ್ಚಿದ್ದವನ ಉಳಿದ ಪದಗಳನ್ನೂ ಕಡಿಮೆ ಇದ್ದವನ ಕೂಡುವ ಪದಗಳನ್ನೂ ಸೊನ್ನೆ ಮಾಡಿ. ಸಮೀಕರಣಗಳ ಸಂಖ್ಯೆ ಅಜ್ಞಾತಗಳಿಗಿಂತ ಒಂದಾದರೂ ಕಡಿಮೆ ಬೀಳುತ್ತದೆ, ಮೇಲಿನ ಇಕ್ಕಟ್ಟು ಮತ್ತೆ ತಲೆದೋರುತ್ತದೆ. ಕಳೆಯುವ ವರ್ಗಗಳಿಗೂ ಇದೇ ವಾದ. ಎರಡೂ ಗಟ್ಟಿಯಾದ ಮೇಲೆ, ಎದುರಿಗೆ ಸೊನ್ನೆ ಬಂದು ಮಾಯವಾದ ಪದಗಳ ಸಂಖ್ಯೆಯೂ ತಾನಾಗಿಯೇ ಗಟ್ಟಿಯಾಗುತ್ತದೆ.

ವಾದದಲ್ಲಿ ಒಂದು ಮಾತನ್ನು ಮೆಲ್ಲಗೆ ದಾಟಿಸಿದ್ದೇನೆ. A, B, C ಮೂರೂ ಸೊನ್ನೆಯಾದರೆ x, y, z ಸೊನ್ನೆ ಎಂದೆ. ಮೂರು ಪದಗಳು ಒಂದಕ್ಕೊಂದು ಸ್ವತಂತ್ರವಾಗಿದ್ದಾಗ ಮಾತ್ರ ಇದು ನಿಜ. ಅಂದರೆ ಯಾವುದೇ ಪದವನ್ನು ಉಳಿದವುಗಳಿಂದ ಕಟ್ಟಲು ಬರಬಾರದು. ಲೆಕ್ಕ ತಪ್ಪುವುದೂ ಹೆಚ್ಚಾಗಿ ಇಲ್ಲೇ. 2xy ಎಂಬ ರೂಪವನ್ನು ಯಾರೋ x² + y² − (x − y)² ಎಂದು ಬರೆದರು ಎನ್ನಿ. ಬಿಡಿಸಿದರೆ ಸರಿಯಾಗಿಯೇ ಇದೆ. ಆದರೆ ಎರಡು ಕೂಡು, ಒಂದು ಕಳೆ ಎಂದು ಎಣಿಸಿದರೆ ತಪ್ಪು. x − y ಎಂಬುದು x, yಗಳಿಂದಲೇ ಹುಟ್ಟಿದ್ದು. ಎರಡು ಅಕ್ಷರಗಳಿರುವಲ್ಲಿ ಮೂರು ಸ್ವತಂತ್ರ ಪದ ಇರುವುದಕ್ಕೆ ಜಾಗವೇ ಇಲ್ಲ. 2xyಯ ನಿಜವಾದ ಲೆಕ್ಕ ಒಂದು ಕೂಡು, ಒಂದು ಕಳೆ. ಇನ್ನೊಂದು ಷರತ್ತೂ ಇದೆ. ಎಲ್ಲ ಸಂಖ್ಯೆಗಳೂ ವಾಸ್ತವ ಸಂಖ್ಯೆಗಳಾಗಿರಬೇಕು. −1ರ ವರ್ಗಮೂಲವನ್ನು ಒಳಗೆ ಬಿಟ್ಟುಕೊಂಡರೆ ಯಾವ ಕಳೆಯನ್ನಾದರೂ ಕೂಡಾಗಿಸಬಹುದು. ಆಗ ಚಿಹ್ನೆ ಎಣಿಸುವುದಕ್ಕೆ ಅರ್ಥವಿಲ್ಲ.

ಐಗನ್ ಮೌಲ್ಯಗಳಿಗೂ ಇದಕ್ಕೂ ಏನು ನಂಟು? ಮಾತೃಕೆಯಿಂದ ಗುಣಿಸಿದಾಗ ಕೆಲವು ದಿಕ್ಕುಗಳು ತಿರುಗುವುದಿಲ್ಲ, ಹಿಗ್ಗುವುದೋ ಕುಗ್ಗುವುದೋ ಹಿಂದುಮುಂದಾಗುವುದೋ ಅಷ್ಟೆ. ಎಷ್ಟು ಪಟ್ಟು ಎಂಬ ಸಂಖ್ಯೆಯೇ ಐಗನ್ ಮೌಲ್ಯ. ನಮ್ಮ A ಮಾತೃಕೆಯಿಂದ (1, 1)ನ್ನು ಗುಣಿಸಿದರೆ (3, 3) ಬರುತ್ತದೆ, ಮೂರು ಪಟ್ಟು. (1, −1)ನ್ನು ಗುಣಿಸಿದರೆ (−1, 1), ಅಂದರೆ −1 ಪಟ್ಟು. ಸಮಮಿತ ಮಾತೃಕೆಯಲ್ಲಿ ಇಂಥ ದಿಕ್ಕುಗಳನ್ನು ಒಂದಕ್ಕೊಂದು ಲಂಬವಾಗಿ, ಎಷ್ಟು ಅಕ್ಷರಗಳಿವೆಯೋ ಅಷ್ಟೂ, ಆರಿಸಿಕೊಳ್ಳಬಹುದು. ಅವನ್ನೇ ಅಕ್ಷಗಳಾಗಿ ಹಿಡಿದರೆ ಮಿಶ್ರ ಪದಗಳು ಉದುರಿಹೋಗಿ ರೂಪ 3u² − v² ಎಂದಾಗುತ್ತದೆ. ಇಲ್ಲಿ u ಎಂದರೆ (x + y)/√2, v ಎಂದರೆ (x − y)/√2. ಇದು ಮೂರನೆಯ ವಿದ್ಯಾರ್ಥಿನಿ ಬರೆದ ಉತ್ತರವೇ.

ಹಾಗಾದರೆ ಐಗನ್ ಮೌಲ್ಯಗಳಿಂದ ಬರೆಯುವುದು ವರ್ಗಗಳಾಗಿ ಬರೆಯುವ ಹಲವು ದಾರಿಗಳಲ್ಲಿ ಒಂದು. ಧನ ಐಗನ್ ಮೌಲ್ಯಗಳೆಷ್ಟೋ ಕೂಡುವ ವರ್ಗಗಳು ಅಷ್ಟು, ಋಣ ಮೌಲ್ಯಗಳೆಷ್ಟೋ ಕಳೆಯುವವು ಅಷ್ಟು. ಈಗ A ಮತ್ತು B ಕಾಂಗ್ರುಯೆಂಟ್ ಎನ್ನಿ. Aಯ ಐಗನ್ ಮೌಲ್ಯಗಳು ರೂಪವನ್ನು ಒಂದು ಬಗೆಯಲ್ಲಿ ವರ್ಗಗಳಾಗಿ ಬಿಡಿಸುತ್ತವೆ. Bಯ ಐಗನ್ ಮೌಲ್ಯಗಳು ಅದೇ ರೂಪವನ್ನು ಹೊಸ ಅಕ್ಷರಗಳಲ್ಲಿ ಬಿಡಿಸುತ್ತವೆ. P ಹಿಂದಿರುಗಿಸಬಹುದಾದದ್ದರಿಂದ ಆ ಹೊಸ ಅಕ್ಷರಗಳನ್ನು ಹಳೆಯವುಗಳಲ್ಲಿ ಬರೆದರೂ ಪದಗಳು ಸ್ವತಂತ್ರವಾಗಿಯೇ ಉಳಿಯುತ್ತವೆ. ಒಂದೇ ರೂಪಕ್ಕೆ ಎರಡು ಬಿಡಿಸುವಿಕೆ, ಎರಡರಲ್ಲೂ ಸ್ವತಂತ್ರ ಪದಗಳು. ಮೇಲಿನ ವಾದದಂತೆ ಕೂಡು-ಕಳೆಗಳ ಲೆಕ್ಕ ಒಂದೇ ಆಗಬೇಕು. ಕಾಂಗ್ರುಯೆಂಟ್ ಮಾತೃಕೆಗಳಲ್ಲಿ ಧನ, ಋಣ ಐಗನ್ ಮೌಲ್ಯಗಳ ಸಂಖ್ಯೆ ಉಳಿದುಬರುವುದು ಈ ಕಾರಣಕ್ಕೆ.

ಇದರಲ್ಲಿ ಒಂದು ದೊಡ್ಡ ಲಾಭವಿದೆ. ಐಗನ್ ಮೌಲ್ಯ ಕಂಡುಹಿಡಿಯುವುದು ಕಷ್ಟದ ಕೆಲಸ. ಮೂರು ಅಕ್ಷರಕ್ಕೆ ಘನ ಸಮೀಕರಣ ಬಿಡಿಸಬೇಕು; ನಾಲ್ಕು ದಾಟಿದರೆ ಸೂತ್ರವೇ ಇಲ್ಲ, ಹಂತಹಂತವಾಗಿ ಹತ್ತಿರ ಹೋಗಬೇಕು. ವರ್ಗ ಪೂರ್ಣಗೊಳಿಸುವುದಕ್ಕಾದರೋ ಕೂಡು, ಕಳೆ, ಗುಣಿಸು, ಭಾಗಿಸು ಸಾಕು. ಐಗನ್ ಮೌಲ್ಯಗಳನ್ನು ಕಾಣದೆಯೇ ಅವುಗಳಲ್ಲಿ ಋಣವೆಷ್ಟು ಎಂದು ಹೇಳಬಹುದು. ಕಟ್ಟಡದ ಇಂಜಿನಿಯರುಗಳಿಗೆ ಇದು ಎಲ್ಲಿ ಬೇಕಾಗುತ್ತದೆ ಎಂದು ಒಂದು ಲೆಕ್ಕ ಹಾಕಿಯೇ ನೋಡೋಣ.

ಮೂರು ಮಹಡಿಯ ಕಟ್ಟಡವೊಂದಿದೆ. ಒಂದೊಂದು ಮಹಡಿಯ ಸ್ಲ್ಯಾಬು ಮತ್ತು ಅದರ ಮೇಲಿನ ಭಾರ ಸೇರಿ ನೂರು ಟನ್. ಮಹಡಿಗಳ ನಡುವಿನ ಕಂಬಗಳು ಎಲ್ಲ ಕಡೆ ಒಂದೇ ಬಿಗಿ. ಭೂಮಿ ಅಲುಗಿದಾಗ ಮೊದಲ ಮಹಡಿ ಪಕ್ಕಕ್ಕೆ x, ಎರಡನೆಯದು y, ಮೂರನೆಯದು z ಸರಿಯುತ್ತದೆ. ಕಂಬಗಳು ಬಾಗುವುದು ಮಹಡಿಗಳ ನಡುವಿನ ವ್ಯತ್ಯಾಸಕ್ಕೆ ತಕ್ಕಂತೆ. ಆದ್ದರಿಂದ ಅವುಗಳಲ್ಲಿ ಕೂಡುವ ಶಕ್ತಿ x² + (y − x)² + (z − y)² ಎಂಬ ದ್ವಿಘಾತ ರೂಪಕ್ಕೆ ಅನುಪಾತದಲ್ಲಿರುತ್ತದೆ. ಬಿಡಿಸಿದರೆ 2x² − 2xy + 2y² − 2yz + z². ಇದರ ಮಾತೃಕೆಯ ಮೂರು ಐಗನ್ ಮೌಲ್ಯಗಳು ಆ ಕಟ್ಟಡ ತೂಗಾಡುವ ಮೂರು ಸ್ವಾಭಾವಿಕ ಆವೃತ್ತಿಗಳನ್ನು ಹೇಳುತ್ತವೆ. ಕಂಬಗಳ ಬಿಗಿ ಪ್ರತಿ ಮಹಡಿಗೆ ಮೀಟರಿಗೆ ಹತ್ತು ಕೋಟಿ ನ್ಯೂಟನ್ ಎಂದಿಟ್ಟುಕೊಂಡರೆ, ಐಗನ್ ಮೌಲ್ಯವನ್ನು 1000ದಿಂದ ಗುಣಿಸಿ, ವರ್ಗಮೂಲ ತೆಗೆದು, 2πಯಿಂದ ಭಾಗಿಸಿದರೆ ಆವೃತ್ತಿ ಹರ್ಟ್ಸ್‌ನಲ್ಲಿ ಸಿಗುತ್ತದೆ.

ಈಗ ಪ್ರಶ್ನೆ: 1.5ಕ್ಕಿಂತ ಕೆಳಗೆ ಎಷ್ಟು ಐಗನ್ ಮೌಲ್ಯಗಳಿವೆ? ರೂಪದಿಂದ 1.5(x² + y² + z²) ಕಳೆಯಿರಿ. ಪ್ರತಿ ಐಗನ್ ಮೌಲ್ಯವೂ 1.5ರಷ್ಟು ಕೆಳಗಿಳಿಯುತ್ತದೆ, 1.5ಕ್ಕಿಂತ ಕಡಿಮೆ ಇದ್ದವು ಋಣವಾಗುತ್ತವೆ. ಉಳಿಯುವ ರೂಪ 0.5x² − 2xy + 0.5y² − 2yz − 0.5z². ವರ್ಗ ಪೂರ್ಣಗೊಳಿಸೋಣ. xನ ಪದಗಳನ್ನೆಲ್ಲ 0.5(x − 2y)² ನುಂಗುತ್ತದೆ, ಆದರೆ 2y² ಹೆಚ್ಚು ತರುತ್ತದೆ. ಅದನ್ನು ಕಳೆದರೆ y²ನ ಪಾಲು 0.5ರಿಂದ −1.5ಕ್ಕೆ ಇಳಿಯುತ್ತದೆ. ಮುಂದೆ yಯ ಪದಗಳನ್ನು −1.5(y + 2z/3)² ನುಂಗುತ್ತದೆ. ಕೊನೆಗೆ z²ನ ಎದುರು ಉಳಿಯುವುದು −0.5ಕ್ಕೆ ಮೂರರಲ್ಲಿ ಎರಡು ಕೂಡಿಸಿದಷ್ಟು, ಸುಮಾರು 0.167.

ಸಹಗುಣಕಗಳು 0.5, −1.5, 0.167. ಋಣ ಒಂದೇ. ಹಾಗಾಗಿ 1.5ರ ಕೆಳಗಿರುವ ಐಗನ್ ಮೌಲ್ಯ ಒಂದೇ. ಈಗ 1.5ರ ಬದಲು 1.6 ಹಿಡಿದು ಇದೇ ಲೆಕ್ಕ ಮಾಡಿದರೆ ಸಿಗುವವು 0.4, −2.1 ಮತ್ತು ಸುಮಾರು −0.124. ಋಣ ಎರಡು. ಎರಡನೆಯ ಐಗನ್ ಮೌಲ್ಯ 1.5ಕ್ಕೂ 1.6ಕ್ಕೂ ನಡುವೆ ಸಿಕ್ಕಿಬಿದ್ದಿತು. ಆವೃತ್ತಿಯ ಲೆಕ್ಕದಲ್ಲಿ ಕಟ್ಟಡದ ಎರಡನೆಯ ತೂಗಾಟ ಸೆಕೆಂಡಿಗೆ 6.16 ಮತ್ತು 6.37ರ ನಡುವೆ. ನಿಜವಾದ ಮೂರು ಐಗನ್ ಮೌಲ್ಯಗಳು 0.198, 1.555, 3.247. ಅವುಗಳಿಂದ 1.5 ಕಳೆದರೆ −1.302, 0.055, 1.747. ನಾವು ಕಂಡ 0.5, −1.5, 0.167ಕ್ಕೂ ಇವಕ್ಕೂ ಯಾವ ಹೋಲಿಕೆಯೂ ಇಲ್ಲ. ಒಂದು ಋಣ, ಎರಡು ಧನ ಎಂಬಷ್ಟು ಮಾತ್ರ ತಾಳೆಯಾಗುತ್ತದೆ. ನಮಗೆ ಬೇಕಿದ್ದದ್ದೂ ಅಷ್ಟೇ.

ನಿಜವಾದ ಕಟ್ಟಡದ ಮಾತೃಕೆಯಲ್ಲಿ ಸಾವಿರಾರು ಅಕ್ಷರಗಳಿರುತ್ತವೆ. ಕಂಪ್ಯೂಟರು ಎಲ್ಲ ಆವೃತ್ತಿಗಳನ್ನೂ ಹುಡುಕುವುದಿಲ್ಲ, ಕೆಳಗಿನ ಕೆಲವನ್ನು ಮಾತ್ರ. ಭಾರತದ ಭೂಕಂಪ ಸಂಹಿತೆ IS 1893 ಕೇಳುವುದೂ ಇದನ್ನೇ: ಲೆಕ್ಕಕ್ಕೆ ತೆಗೆದುಕೊಂಡ ತೂಗಾಟಗಳು ಒಟ್ಟು ದ್ರವ್ಯರಾಶಿಯ ಶೇಕಡ 90ನ್ನಾದರೂ ಪ್ರತಿನಿಧಿಸಬೇಕು. ಆದರೆ ಹುಡುಕುವ ವಿಧಾನಗಳು ಒಂದು ಆರಂಭದ ಊಹೆಯಿಂದ ಹೊರಡುತ್ತವೆ. ಕಟ್ಟಡ ನಾಲ್ಕೂ ಕಡೆ ಒಂದೇ ಥರ ಇದ್ದು ಎರಡು ಆವೃತ್ತಿಗಳು ಒಂದೇ ಕಡೆ ಬಿದ್ದರೆ, ಅಥವಾ ಆರಂಭದ ಊಹೆಗೆ ಯಾವುದೋ ತೂಗಾಟದ ಸುಳಿವೇ ಇಲ್ಲದಿದ್ದರೆ, ಅದು ತಪ್ಪಿಸಿಕೊಳ್ಳುತ್ತದೆ. ಸಿಕ್ಕ ಉತ್ತರಗಳೆಲ್ಲ ಸರಿಯಾಗಿಯೇ ಇರುವುದರಿಂದ ಸಿಗದೇ ಹೋದದ್ದು ಗೊತ್ತೇ ಆಗುವುದಿಲ್ಲ. ಅದಕ್ಕೇ ಒಳ್ಳೆಯ ತಂತ್ರಾಂಶಗಳು ಕೊನೆಯಲ್ಲಿ ಒಮ್ಮೆ ಋಣಗಳನ್ನು ಎಣಿಸುತ್ತವೆ. ಇದಕ್ಕೆ ಸ್ಟರ್ಮ್ ತಪಾಸಣೆ ಎಂದು ಹೆಸರು. 10 ಹರ್ಟ್ಸ್ ಕೆಳಗೆ ಹನ್ನೊಂದು ಸಿಕ್ಕಿವೆ, ಎಣಿಕೆ ಮಾತ್ರ ಹನ್ನೆರಡು ಎನ್ನುತ್ತದೆ ಎಂದಾದರೆ ಒಂದು ಕಳೆದುಹೋಗಿದೆ ಎಂದೇ ಅರ್ಥ.

ಮಹಡಿಗಳ ಭಾರ ಒಂದೇ ಇಲ್ಲದಾಗ x² + y² + z²ರ ಬದಲು ಭಾರಗಳಿಂದ ಗುಣಿಸಿದ ವರ್ಗಗಳನ್ನು ಕಳೆಯಬೇಕಾಗುತ್ತದೆ. ಆಗಲೂ ಎಣಿಕೆ ನಡೆಯುತ್ತದೆ, ಏಕೆಂದರೆ ಅಳತೆಯನ್ನು ಭಾರಕ್ಕೆ ತಕ್ಕಂತೆ ಬದಲಿಸಿ ಹಳೆಯ ಸ್ಥಿತಿಗೆ ತರಬಹುದು. ಆ ಬದಲಾವಣೆ PᵀAP ಬಗೆಯದೇ, ಚಿಹ್ನೆಗಳ ಲೆಕ್ಕವನ್ನು ಅದು ಮುಟ್ಟುವುದಿಲ್ಲ.

ಈ ದಾರಿಯಲ್ಲಿ ಒಂದು ಗುಂಡಿ ಇದೆ. ನಮ್ಮ ಕಟ್ಟಡದಲ್ಲಿ 1.5ರ ಬದಲು 1 ಹಿಡಿದು ನೋಡಿ. ರೂಪ x² − 2xy + y² − 2yz ಆಗುತ್ತದೆ. ಮೊದಲ ಹೆಜ್ಜೆಯಲ್ಲಿ (x − y)² ಸಿಗುತ್ತದೆ, ಆದರೆ ಅದರೊಟ್ಟಿಗೆ y² ಪೂರ್ತಿ ಮುಗಿದುಹೋಗಿ −2yz ಒಂದೇ ಉಳಿಯುತ್ತದೆ. ಮುಂದಿನ ಹೆಜ್ಜೆಗೆ ಸೊನ್ನೆಯಿಂದ ಭಾಗಿಸಬೇಕು, ಸಾಧ್ಯವಿಲ್ಲ. 1 ಎಂಬುದೇ ಐಗನ್ ಮೌಲ್ಯವಾಗಿರುವುದರಿಂದ ಹೀಗಾಯಿತು ಎಂದು ಅವಸರಪಡಬಾರದು. 1ರ ಹತ್ತಿರ ಯಾವ ಐಗನ್ ಮೌಲ್ಯವೂ ಇಲ್ಲ. ಸಿಕ್ಕಿಕೊಂಡಿರುವುದು ನಾವು ಹಿಡಿದ ದಾರಿ ಮಾತ್ರ. −2yz ಎಂಬುದನ್ನು ಅರ್ಧ (y − z)²ನಿಂದ ಅರ್ಧ (y + z)² ಕಳೆದಂತೆ ಬರೆದರೆ ಒಂದು ಕೂಡು, ಒಂದು ಕಳೆ. ಮೊದಲಿನ (x − y)² ಸೇರಿ ಒಟ್ಟು ಎರಡು ಕೂಡು, ಒಂದು ಕಳೆ. 1ರ ಕೆಳಗೆ ಒಂದೇ ಐಗನ್ ಮೌಲ್ಯ, ಅದು 0.198. ಒಂಟಿ ವರ್ಗ ಸಿಗದಲ್ಲಿ ಎರಡು ಅಕ್ಷರಗಳನ್ನು ಜೋಡಿಯಾಗಿ ತೆಗೆಯುವ ಈ ಉಪಾಯವನ್ನು ಕಂಪ್ಯೂಟರಿಗೆ ಒಗ್ಗುವಂತೆ 1977ರಲ್ಲಿ ಬಂಚ್ ಮತ್ತು ಕಾಫ್‌ಮನ್ ರೂಪಿಸಿದರು. ಪೂರ್ತಿ ಸೊನ್ನೆಗಿಂತ ಹೆಚ್ಚು ಕಾಡುವುದು ಸೊನ್ನೆಯ ಹತ್ತಿರದ ಸಂಖ್ಯೆ. ದಶಾಂಶದ ಹನ್ನೆರಡನೆಯ ಸ್ಥಾನದಲ್ಲಿ ಬಂದ ಋಣ ಚಿಹ್ನೆ ನಿಜವೋ, ಕಂಪ್ಯೂಟರು ಅಂಕೆ ಕತ್ತರಿಸುವಾಗ ಹುಟ್ಟಿದ್ದೋ ಹೇಳಲಾಗದು. ಆಗ ಮಾಡಬೇಕಾದದ್ದು ಸರಳ: 1ರ ಬದಲು 1.01 ಹಿಡಿದು ಮತ್ತೊಮ್ಮೆ ಎಣಿಸುವುದು.

ಕೈಯಲ್ಲಿ ಪೆನ್ಸಿಲ್ ಇರುವ ಓದುಗರಿಗೆ ಒಂದು ಲೆಕ್ಕ ಬಿಡುತ್ತೇನೆ: xy + yz + zx. ಇಲ್ಲಿ ವರ್ಗ ಪದ ಒಂದೂ ಇಲ್ಲ, ಆದ್ದರಿಂದ ಮೊದಲ ಹೆಜ್ಜೆಯಲ್ಲೇ ದಾರಿ ಸಿಕ್ಕಿಕೊಳ್ಳುತ್ತದೆ. x = u + v, y = u − v ಎಂದು ಬದಲಿಸಿಕೊಂಡು ಹೊರಡಿ. ಕೊನೆಗೆ ಒಂದು ಕೂಡು, ಎರಡು ಕಳೆ ಸಿಗಬೇಕು. ಬೇರೆ ಲೆಕ್ಕ ಬಂದರೆ, ನಿಮ್ಮ ವರ್ಗಗಳೊಳಗಿನ ಮೂರು ಪದಗಳು ಒಂದಕ್ಕೊಂದು ಸ್ವತಂತ್ರವಾಗಿವೆಯೇ ಎಂದು ಮೊದಲು ನೋಡಿ.